ಇಬ್ಬರಲ್ಲಿ ಯಾರು? ಎಳೆಯ ಮಗುವನ್ನು ನೋಡಿಕೊಳ್ಳುವವರನ್ನು ಆರಿಸಿಕೊಳ್ಳುವ ಬಗೆ

ಒಂದು ವರ್ಷ ತುಂಬದ ಮಗುವಿಗೆ ಆಯಾ ಹುಡುಕುವ ತಂದೆತಾಯಿಗಳು ಹಲವರನ್ನು ಕಂಡು ಮಾತನಾಡಿದ ಮೇಲೆ ಸಾಮಾನ್ಯವಾಗಿ ಇಬ್ಬರ ನಡುವೆ ಬಂದು ನಿಲ್ಲುತ್ತಾರೆ. ಒಬ್ಬರು ಬಹಳ ವರ್ಷ ಈ ಕೆಲಸ ಮಾಡಿದವರು. ಇನ್ನೊಬ್ಬರು ವಯಸ್ಸಿನಲ್ಲಿ ಚಿಕ್ಕವರು, ತರಬೇತಿಯ ಪ್ರಮಾಣಪತ್ರ ಇರುವವರು, ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಡುವವರು. ನನ್ನ ಪರಿಚಯದ ದಂಪತಿಯೂ ಹೀಗೆಯೇ ಇಬ್ಬರ ನಡುವೆ ನಿಂತಿದ್ದಾಗ ಆ ಹೋಲಿಕೆಯಲ್ಲಿ ನಾನೂ ಜೊತೆಗಿದ್ದೆ. ಅವರ ಮಗುವಿಗೆ ಎಂಟು ತಿಂಗಳು. ಇಬ್ಬರೂ ಬೆಳಿಗ್ಗೆ 8.30ಕ್ಕೆ ಹೊರಟರೆ ಮನೆ ಸೇರುವುದು ಸಂಜೆ 6.30ಕ್ಕೆ. ಮಗು ಹಿಂಡಿ ಇಟ್ಟ ಎದೆಹಾಲು ಕುಡಿಯುತ್ತಿತ್ತು, ಮೆದುಮಾಡಿದ ಆಹಾರ ತಿನ್ನಲು ಆರಂಭಿಸಿತ್ತು, ತೆವಳಿಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಆ ಪ್ರಕರಣವನ್ನೇ ಮುಂದಿಟ್ಟುಕೊಂಡು, ಯಾವ ಪ್ರಶ್ನೆಗೆ ಯಾವ ಉತ್ತರ ಬಂದರೆ ಅದನ್ನು ಹೇಗೆ ತೂಗಬೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಏಜೆನ್ಸಿಯ ಮೂಲಕವೇ, ಪರಿಚಯದವರ ಮೂಲಕವೇ ಎಂಬ ಪ್ರಶ್ನೆಯ ಮೇಲೆ ಹೆಚ್ಚು ಸಮಯ ಕಳೆಯುವ ಅಗತ್ಯವಿಲ್ಲ. ಏಜೆನ್ಸಿಯವರು 'ಪರಿಶೀಲನೆ ಆಗಿದೆ' ಎಂದಾಗ ಏನನ್ನು, ಯಾವಾಗ, ಯಾವ ದಾಖಲೆ ನೋಡಿ ಪರಿಶೀಲಿಸಿದರೆಂದು ಕೇಳಿ, ಆ ಕಾಗದಗಳನ್ನು ಕಣ್ಣಾರೆ ನೋಡಬೇಕು. ಅದು ಹೆಚ್ಚೆಂದರೆ ಗುರುತು, ವಿಳಾಸ ಮತ್ತು ಅಪರಾಧ ದಾಖಲೆಯ ಪರಿಶೀಲನೆಯಾಗಿರುತ್ತದೆಯೇ ಹೊರತು, ಅಳುವ ಮಗುವನ್ನು ಆ ವ್ಯಕ್ತಿ ಹೇಗೆ ಎತ್ತಿಕೊಳ್ಳುತ್ತಾರೆ ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಪರಿಚಯದವರ ಶಿಫಾರಸಿನಲ್ಲಿ ಇದಕ್ಕೆ ಸರಿಯಾಗಿ ವಿರುದ್ಧವಾದ ಕೊರತೆ ಇರುತ್ತದೆ: ಸ್ವಭಾವ ಗೊತ್ತಿರುತ್ತದೆ, ಕಾಗದಗಳನ್ನು ಯಾರೂ ನೋಡಿರುವುದಿಲ್ಲ. ಯಾವ ದಾರಿಯಲ್ಲಿ ಬಂದವರಾದರೂ ಉಳಿದ ಅರ್ಧ ಕೆಲಸವನ್ನು ಮನೆಯವರೇ ಮಾಡಬೇಕಾಗುತ್ತದೆ.

ವರ್ಷಗಳನ್ನು ಬಿಡಿಸಿ ನೋಡುವುದು

ಮೊದಲನೆಯವರಿಗೆ 14 ವರ್ಷ ಅನುಭವ, ಎರಡನೆಯವರಿಗೆ 3 ವರ್ಷ. ಇಷ್ಟನ್ನೇ ಪಕ್ಕಪಕ್ಕ ಇಟ್ಟರೆ ಹೋಲಿಕೆ ಅಲ್ಲಿಗೇ ಮುಗಿದಂತೆ ಕಾಣುತ್ತದೆ. ಆದರೆ ನಾವು ಒಂದು ಹಾಳೆಯಲ್ಲಿ ಇಬ್ಬರ ಕೆಲಸದ ಚರಿತ್ರೆಯನ್ನೂ ಮನೆಮನೆಯಾಗಿ ಬರೆದುಕೊಂಡೆವು: ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಸೇರಿದಾಗ ಮಗುವಿಗೆ ಎಷ್ಟು ವಯಸ್ಸು, ಬಿಟ್ಟಾಗ ಎಷ್ಟು, ಹಗಲಿನಲ್ಲಿ ಮನೆಯಲ್ಲಿ ಬೇರೆ ಯಾರಿದ್ದರು, ಕೆಲಸ ಏಕೆ ಮುಗಿಯಿತು. ಮೊದಲನೆಯವರ 14 ವರ್ಷಗಳಲ್ಲಿ ನಾಲ್ಕು ವರ್ಷ ವಯಸ್ಸಾದವರ ಆರೈಕೆಗೆ ಹೋಗಿತ್ತು. ಹೆಚ್ಚಿನ ಮನೆಗಳಲ್ಲಿ ಅವರು ಸೇರುವ ಹೊತ್ತಿಗೆ ಮಕ್ಕಳಿಗೆ ಮೂರು ದಾಟಿತ್ತು. ಎಳೆಯ ಮಗು ಇದ್ದ ಮನೆಗಳು ಎರಡೇ. ಒಂದರಲ್ಲಿ ಮಗುವಿಗೆ 4 ತಿಂಗಳಾಗಿದ್ದಾಗ, ಇನ್ನೊಂದರಲ್ಲಿ 7 ತಿಂಗಳಾಗಿದ್ದಾಗ ಸೇರಿದ್ದರು. ಅಂದರೆ ಒಂದು ವರ್ಷದೊಳಗಿನ ಮಗುವಿನೊಂದಿಗೆ ಅವರು ಕಳೆದದ್ದು ಎಂಟು ಮತ್ತು ಐದು, ಒಟ್ಟು 13 ತಿಂಗಳು, ಅದೂ ಐದು ವರ್ಷಗಳ ಹಿಂದೆ. ಎರಡನೆಯವರು ಒಂದೇ ಮನೆಯಲ್ಲಿ ಅವಳಿ ಮಕ್ಕಳನ್ನು ಅವಕ್ಕೆ 6 ತಿಂಗಳಾಗಿದ್ದಾಗಿನಿಂದ ನೋಡಿಕೊಂಡವರು. ಅವರಿಗೆ ಆ ವಯಸ್ಸಿನ ಅನುಭವ 6 ತಿಂಗಳದು, ಆದರೆ ಇಬ್ಬರು ಮಕ್ಕಳೊಂದಿಗೆ, ಅದೂ ಇತ್ತೀಚಿನದು. 14ಕ್ಕೂ 3ಕ್ಕೂ ಇದ್ದ ಅಂತರ ಹೀಗೆ ಬಿಡಿಸಿದಾಗ ಬಹುಮಟ್ಟಿಗೆ ಕರಗಿಹೋಯಿತು.

ಹೀಗೆ ಬರೆದುಕೊಳ್ಳುವುದರಿಂದ ಇನ್ನೊಂದು ಉಪಯೋಗವೂ ಇದೆ; ನಡುವಿನ ಖಾಲಿ ತಿಂಗಳುಗಳು ಎದ್ದು ಕಾಣುತ್ತವೆ. ಎರಡನೆಯವರ ಹಾಳೆಯಲ್ಲಿ ಏಳು ತಿಂಗಳು ಲೆಕ್ಕಕ್ಕೆ ಸಿಗಲಿಲ್ಲ. ಖಾಲಿ ಕಂಡ ಕೂಡಲೇ ಸಂಶಯಿಸುವವರೇ ಹೆಚ್ಚು, ಆದರೆ ನೇರವಾಗಿ ಕೇಳಿದರೆ ಸಾಕು. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಹೋಗಿದ್ದಾಗಿ ಅವರು ಹೇಳಿದರು, ಹಿಂದಿನ ಮನೆಯವರೂ ಅದನ್ನೇ ಹೇಳಿದರು. ಖಾಲಿ ಇರುವುದು ದೋಷವಲ್ಲ. ಕೇಳಿದಾಗ ಒಮ್ಮೆ ಒಂದು ಕಾರಣ, ಇನ್ನೊಮ್ಮೆ ಇನ್ನೊಂದು ಕಾರಣ ಬಂದರೆ ಮಾತ್ರ ಅಲ್ಲಿ ನಿಂತು ಯೋಚಿಸಬೇಕು.

ಅಭಿಪ್ರಾಯವಲ್ಲ, ನಡೆದದ್ದು

'ಮಗು ಅಳುತ್ತಿದ್ದರೆ ಏನು ಮಾಡುತ್ತೀರಿ?' ಎಂದು ಕೇಳಿದರೆ ಎಲ್ಲರೂ ಒಳ್ಳೆಯ ಉತ್ತರವನ್ನೇ ಕೊಡುತ್ತಾರೆ. 'ಕೊನೆಯ ಬಾರಿ ಒಂದು ಮಗು ನಿಮ್ಮ ಕೈಯಲ್ಲಿ ಬಹಳ ಹೊತ್ತು ಅತ್ತದ್ದು ಯಾವಾಗ, ಆಗ ಒಂದೊಂದಾಗಿ ಏನೇನು ಮಾಡಿದಿರಿ?' ಎಂದು ಕೇಳಿದರೆ ನಡೆದ ಸಂಗತಿಯನ್ನು ಹೇಳಬೇಕಾಗುತ್ತದೆ, ನಡೆದದ್ದರಲ್ಲಿ ವಿವರ ಇರುತ್ತದೆ. ಇಲ್ಲಿ ಕೇಳಿಸಿಕೊಳ್ಳಬೇಕಾದ ಒಂದು ಮಾತೆಂದರೆ, ತನಗೇ ಸಹನೆ ಮುಗಿಯುತ್ತಿದೆ ಎನಿಸಿದಾಗ ಮಗುವನ್ನು ಸುರಕ್ಷಿತ ಜಾಗದಲ್ಲಿ ಮಲಗಿಸಿ ಕೆಲವು ನಿಮಿಷ ಆಚೆ ಬಂದು ನಿಂತೆ ಎಂಬುದು. ಇದನ್ನು ಕೇಳಿ ಕೆಲವು ತಂದೆತಾಯಿಗಳಿಗೆ ಇರಿಸುಮುರಿಸಾಗುತ್ತದೆ, ಆದರೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಎಳೆಯ ಮಗುವನ್ನು ಹಿಡಿದು ಜೋರಾಗಿ ಅಲುಗಾಡಿಸುವುದರಿಂದ ಮಿದುಳಿಗೆ ಶಾಶ್ವತ ಹಾನಿಯಾಗಬಹುದು, ಸಾವೂ ಸಂಭವಿಸಬಹುದು. ಅಂಥ ಘಟನೆಗಳು ಹೆಚ್ಚಾಗಿ ನಡೆಯುವುದು ಅಳು ನಿಲ್ಲದೆ ನೋಡಿಕೊಳ್ಳುವವರು ಹತಾಶರಾದ ಗಳಿಗೆಯಲ್ಲಿ. 'ನನಗೆ ಎಂದೂ ಬೇಸರವೇ ಆಗುವುದಿಲ್ಲ' ಎನ್ನುವವರು ಆ ಗಳಿಗೆಗೆ ಸಿದ್ಧರಾಗಿರುವುದಿಲ್ಲ.

ಉಸಿರುಗಟ್ಟುವಿಕೆಯ ಬಗ್ಗೆ ಕೇಳಿದಾಗ ಎರಡನೆಯವರು ತರಬೇತಿಯಲ್ಲಿ ಕಲಿತದ್ದನ್ನು ಕ್ರಮವಾಗಿ ಹೇಳಿದರು: ಮಗುವನ್ನು ತಲೆ ಕೆಳಗೆ ಬರುವಂತೆ ಮುಂಗೈಯ ಮೇಲೆ ಬೋರಲಾಗಿ ಹಿಡಿದು ಬೆನ್ನ ಮೇಲೆ, ಎರಡು ಹೆಗಲಮೂಳೆಗಳ ನಡುವೆ, 5 ಪೆಟ್ಟು, ವಸ್ತು ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಒತ್ತು, ಒಂದು ವರ್ಷದೊಳಗಿನ ಮಗುವಿನ ಹೊಟ್ಟೆಯನ್ನು ಒತ್ತಬಾರದು, ಬಾಯಿಯೊಳಗೆ ಏನಿದೆ ಎಂದು ಕಾಣದಿದ್ದಾಗ ಬೆರಳು ಹಾಕಿ ತಡಕಾಡಬಾರದು. ಎಲ್ಲವೂ ಸರಿಯಾಗಿತ್ತು. ಮೊದಲನೆಯವರಿಗೆ ಪ್ರಮಾಣಪತ್ರವಿರಲಿಲ್ಲ, ಆದರೆ ಅವರು ಒಂದು ಮಧ್ಯಾಹ್ನದ ಕಥೆ ಹೇಳಿದರು. ಮಗು ಏನನ್ನೋ ನುಂಗಿ ಕೆಮ್ಮುತ್ತಿತ್ತು. ಕೆಮ್ಮಿನ ಸದ್ದು ಬರುತ್ತಿರುವವರೆಗೆ ಪಕ್ಕದಲ್ಲಿ ಕುಳಿತು ಸುಮ್ಮನೆ ನೋಡಿದೆ, ಸದ್ದು ನಿಂತು ಮುಖದ ಬಣ್ಣ ಬದಲಾದ ಕ್ಷಣದಲ್ಲಿ ಬೋರಲು ಹಾಕಿಕೊಂಡು ಬೆನ್ನಿಗೆ ಹೊಡೆದೆ, ಮೂರನೆಯ ಪೆಟ್ಟಿಗೆ ಅದು ಹೊರಬಿತ್ತು ಎಂದರು. ಕೆಮ್ಮುವ ಮಗುವನ್ನು ಕೆಮ್ಮಲು ಬಿಡಬೇಕು, ಸದ್ದಿಲ್ಲದ ಮಗುವಿಗೆ ತಕ್ಷಣ ಕೈಹಾಕಬೇಕು ಎಂಬ ಈ ವ್ಯತ್ಯಾಸ ಗೊತ್ತಿರುವುದು ಬಹಳ ದೊಡ್ಡದು. ಎದೆಯನ್ನು ಒತ್ತುವ ಕ್ರಮ ಅವರಿಗೆ ಗೊತ್ತಿರಲಿಲ್ಲ, ಆದರೆ ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಮೂರನೆಯ ಪ್ರಶ್ನೆ ತಪ್ಪಿನದು: 'ಮಗುವಿನ ವಿಷಯದಲ್ಲಿ ನಿಮ್ಮಿಂದ ಆದ ಒಂದು ತಪ್ಪು ಯಾವುದು, ಅದು ಮನೆಯವರಿಗೆ ಹೇಗೆ ಗೊತ್ತಾಯಿತು?' ಎರಡನೆಯವರು ಅಂಥದ್ದೇನೂ ಆಗಿಲ್ಲವೆಂದರು. ಮೊದಲನೆಯವರು ಸ್ವಲ್ಪ ಹೊತ್ತು ಯೋಚಿಸಿ, ಹಿಂದೊಂದು ಮನೆಯಲ್ಲಿ ಮಗುವಿಗೆ ಹೊಟ್ಟೆ ತುಂಬಲೆಂದು ಹಾಲಿನ ಪುಡಿಯನ್ನು ಒಂದು ಚಮಚ ಹೆಚ್ಚು ಹಾಕಿ ಕಲಸುತ್ತಿದ್ದೆ, ಹಾಗೆ ಮಾಡಬಾರದೆಂದು ಡಬ್ಬಿಯ ಮೇಲಿನ ಸೂಚನೆಯನ್ನು ಇನ್ನೊಬ್ಬರು ಓದಿ ಹೇಳಿದ ದಿನವೇ ಸಂಜೆ ತಾಯಿಗೆ ನಾನೇ ತಿಳಿಸಿದೆ, ಬೈಸಿಕೊಂಡೆ ಎಂದರು. ತಪ್ಪು ಸಣ್ಣದಲ್ಲ, ಗಟ್ಟಿಯಾಗಿ ಕಲಸಿದ ಹಾಲು ಎಳೆಯ ಮೂತ್ರಪಿಂಡಗಳಿಗೆ ಭಾರವಾಗುತ್ತದೆ, ಮೈಯಲ್ಲಿ ನೀರಿನ ಅಂಶ ಕುಗ್ಗಿಸುತ್ತದೆ. ಆ ಮನೆಯ ತಾಯಿ ಫೋನಿನಲ್ಲಿ ಇದನ್ನು ತಾವಾಗಿಯೇ ಪ್ರಸ್ತಾಪಿಸಿ, 'ಅವರು ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ' ಎಂದರು. ನಮ್ಮ ಹಾಳೆಯಲ್ಲಿ ನಂಬಿಕೆ ಎಂದು ಬರೆದ ಸಾಲಿನ ಮುಂದೆ ಅಲ್ಲಿಯವರೆಗೆ ಇಬ್ಬರಿಗೂ ಏನನ್ನೂ ತುಂಬಿರಲಿಲ್ಲ. ಮೊದಲನೆಯವರ ಕಡೆ ಮೊದಲ ಟಿಪ್ಪಣಿ ಬಿದ್ದದ್ದು ಆಗ.

ಹಿಂದಿನ ಮನೆಯವರಿಗೆ ಫೋನ್ ಮಾಡುವಾಗ 'ಅವರು ಹೇಗೆ?' ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಒಳ್ಳೆಯವರೇ ಎಂಬ ಮಾತು ಬರುತ್ತದೆ, ಯಾರ ಅನ್ನವನ್ನೂ ಕಳೆಯಲು ಯಾರೂ ಬಯಸುವುದಿಲ್ಲ. ಮೊದಲು ತಿಂಗಳು ಮತ್ತು ಮಗುವಿನ ವಯಸ್ಸನ್ನು ಅವರ ಬಾಯಿಂದಲೇ ಹೇಳಿಸಿ, ನಿಮ್ಮ ಹಾಳೆಯೊಂದಿಗೆ ಹೋಲಿಸಬೇಕು. ಆಮೇಲೆ, ಯಾವ ವಿಷಯದಲ್ಲಿ ನೀವು ಅವರಿಗೆ ಎರಡು ಸಲ ಹೇಳಬೇಕಾಯಿತು ಎಂದು ಕೇಳಬೇಕು. ಈ ಪ್ರಶ್ನೆಗೆ ದೂರು ಹೇಳಿದಂತಾಗದೆ ನಿಜ ಹೇಳಲು ದಾರಿ ಇರುತ್ತದೆ. ಎರಡನೆಯವರ ಬಗ್ಗೆ ಬಂದ ಉತ್ತರ, 'ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು, ತಕರಾರೇ ಇರಲಿಲ್ಲ.' ಆ ಹೊತ್ತಿನಲ್ಲಿ ಅದು ನಮಗೆ ಹೊಗಳಿಕೆಯಾಗಿಯೇ ಕೇಳಿಸಿತು.

ಸಂಬಳ ಕೊಟ್ಟು ಮೂರು ದಿನ

ಮಾತಿನಲ್ಲಿ ತಿಳಿಯುವುದು ಇಷ್ಟೇ. ಇದರ ಮುಂದೆ ಇಬ್ಬರಿಗೂ ತಲಾ ಮೂರು ದಿನ, ಪೂರ್ತಿ ಸಂಬಳ ಕೊಟ್ಟು, ತಾಯಿಯೋ ತಂದೆಯೋ ಮನೆಯಲ್ಲಿರುವಾಗಲೇ ಕೆಲಸ ಮಾಡಿಸಿ ನೋಡಬೇಕು. ಮೊದಲ ದಿನ ಮನೆಯವರು ಮಾಡುವುದನ್ನು ಅವರು ನೋಡಲಿ, ಎರಡನೆಯ ದಿನ ಅವರು ಮಾಡುವುದನ್ನು ಮನೆಯವರು ನೋಡಲಿ, ಮೂರನೆಯ ದಿನ ಮನೆಯವರು ಬೇರೆ ಕೋಣೆಯಲ್ಲಿದ್ದು ಕೆಲವು ತಾಸು ಹೊರಗೂ ಹೋಗಿ ಬರಲಿ. ಪುಕ್ಕಟೆಯಾಗಿ 'ಬಂದು ನೋಡಿ ಹೋಗಿ' ಎನ್ನುವುದು ಅನ್ಯಾಯ ಮಾತ್ರವಲ್ಲ, ಅದರಿಂದ ನಿಜವಾದ ಕೆಲಸವೂ ಕಣ್ಣಿಗೆ ಬೀಳುವುದಿಲ್ಲ.

ಮಗು ಅತ್ತಿತು ಎಂಬುದನ್ನು ಈ ದಿನಗಳಲ್ಲಿ ಯಾರ ವಿರುದ್ಧವೂ ಬರೆದುಕೊಳ್ಳಬಾರದು. ಎಂಟು ತಿಂಗಳ ಹೊತ್ತಿಗೆ ಮಕ್ಕಳು ಹೊಸಬರನ್ನು ಗುರುತಿಸಿ ಹೆದರಲು, ತಾಯಿ ಕಣ್ಣಿಂದ ಮರೆಯಾದರೆ ಕಂಗೆಡಲು ಆರಂಭಿಸುವುದು ಬೆಳವಣಿಗೆಯ ಸಹಜ ಹಂತ. ಒಂದು ವರ್ಷದ ಆಚೆಗೂ ಅದು ಮುಂದುವರಿಯುತ್ತದೆ. ನೋಡಬೇಕಾದದ್ದು ಬಾಗಿಲು ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು. ಮೊದಲನೆಯವರು ಮಗುವನ್ನು ಕೂಡಲೇ ಎತ್ತಿಕೊಳ್ಳದೆ, ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತು ಒಂದು ಡಬ್ಬಿಯ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದರು. ಮಗುವೇ ತೆವಳಿಕೊಂಡು ಬಂತು. ಎರಡನೆಯವರು ಎತ್ತಿಕೊಂಡು ಮನೆಯೆಲ್ಲ ಸುತ್ತಿದರು. ಅಳು ಬೇಗ ನಿಂತಿತಾದರೂ ಕೆಳಗಿಳಿಸಿದಾಗಲೆಲ್ಲ ಮತ್ತೆ ಶುರುವಾಗುತ್ತಿತ್ತು. ಎರಡೂ ಒಪ್ಪಬಹುದಾದ ಕ್ರಮಗಳೇ. ಹತ್ತು ತಾಸಿನ ದಿನಕ್ಕೆ ಯಾವುದು ಒಗ್ಗುತ್ತದೆ ಎಂಬುದು ಬೇರೆ ವಿಚಾರ.

ದೊಡ್ಡ ತೊಡಕು ಬಂದದ್ದು ನಿದ್ದೆಯಲ್ಲಿ, ಅದೂ ಮೊದಲನೆಯವರಿಂದ. ಅವರು ಮಗುವನ್ನು ಬೋರಲು ಮಲಗಿಸಿ ಮೇಲೊಂದು ಮೆತ್ತನೆಯ ಹೊದಿಕೆ ಹೊದಿಸಿದರು. ಒಂದು ವರ್ಷ ತುಂಬುವವರೆಗೆ ಮಗುವನ್ನು ಪ್ರತಿ ನಿದ್ದೆಗೂ ಅಂಗಾತವಾಗಿ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬು, ಸಡಿಲ ಹೊದಿಕೆ, ಮೆತ್ತನೆಯ ಗೊಂಬೆ ಯಾವುದೂ ಇಲ್ಲದೆ ಮಲಗಿಸಬೇಕು; ನಿದ್ದೆಯಲ್ಲಿ ಸಂಭವಿಸುವ ಶಿಶುಮರಣದ ಅಪಾಯ ಇದರಿಂದ ತಗ್ಗುತ್ತದೆ. ಎರಡೂ ಕಡೆ ತಾನಾಗಿ ಉರುಳಬಲ್ಲ ಮಗು ನಿದ್ದೆಯಲ್ಲಿ ತಾನೇ ಬೋರಲಾದರೆ ಮತ್ತೆ ತಿರುಗಿಸಬೇಕಾಗಿಲ್ಲ, ಆದರೆ ಮಲಗಿಸುವುದು ಅಂಗಾತವೇ. ತಾಯಿ ಇದನ್ನು ವಿವರಿಸಿದಾಗ ಮೊದಲನೆಯವರು, 'ನಾನು ನೋಡಿಕೊಂಡ ಮಕ್ಕಳೆಲ್ಲ ಬೋರಲೇ ಮಲಗಿದವರು, ನನಗೆ ಇದು ಒಪ್ಪಿಗೆಯಿಲ್ಲ. ಆದರೆ ಮಗು ನಿಮ್ಮದು, ನೀವು ಹೇಳಿದಂತೆಯೇ ಮಲಗಿಸುತ್ತೇನೆ' ಎಂದರು. ಆ ಮಾತಿಗೆ ದಂಪತಿ ಬೇಸರಪಟ್ಟುಕೊಂಡರು. ಆ ದಿನ ನನ್ನನ್ನು ಕೇಳಿದ್ದರೆ ನಾನೂ ಎರಡನೆಯವರನ್ನೇ ಆರಿಸಿ ಎನ್ನುತ್ತಿದ್ದೆ.

ಮನಸ್ಸು ಬದಲಾದದ್ದು ಒಂದು ನೋಟ್‌ಬುಕ್ಕಿನಿಂದ. ಹಾಲು, ಊಟ, ನಿದ್ದೆ, ಡೈಪರ್ ಬದಲಾವಣೆ ಇವನ್ನು ಆದ ಹಾಗೆಯೇ ಸಮಯದೊಂದಿಗೆ ಬರೆಯಬೇಕೆಂದು ಇಬ್ಬರಿಗೂ ಹೇಳಲಾಗಿತ್ತು. ಮೊದಲನೆಯವರ ಪುಟದಲ್ಲಿ ಅಕ್ಷರ ಅಂಕುಡೊಂಕಾಗಿತ್ತು, ಆದರೆ 11.10, 1.25, 'ಹಾಲು 90, ಉಳಿದದ್ದು ಚೆಲ್ಲಿದೆ', 'ಮಲಗಿಸಿದ್ದು ಅಂಗಾತ, 2.40ಕ್ಕೆ ತಾನೇ ಉರುಳಿತು' ಎಂಬಂಥ ನಮೂದುಗಳಿದ್ದವು. ಎರಡನೆಯವರ ಪುಟ ಮುದ್ದಾಗಿತ್ತು: 10.00, 11.30, 1.00, 3.00, ಪ್ರತಿ ಬಾಟಲಿಗೂ 120 ಮಿಲಿಲೀಟರ್. ಮಕ್ಕಳ ದಿನ ಇಷ್ಟು ದುಂಡಾದ ಅಂಕಿಗಳಲ್ಲಿ ನಡೆಯುವುದಿಲ್ಲ. ಫ್ರಿಜ್ಜಿನಲ್ಲಿ ನೋಡಿದರೆ ಅರ್ಧ ಕುಡಿದ ಒಂದು ಬಾಟಲಿ ಇತ್ತು. ಮಗು ಬಾಯಿಟ್ಟ ಎದೆಹಾಲನ್ನು ಕುಡಿಸಿದ ಎರಡು ತಾಸಿನೊಳಗೆ ಬಳಸಬೇಕು, ಇಲ್ಲವೇ ಚೆಲ್ಲಬೇಕು ಎಂದು ಹಿಂದಿನ ದಿನವೇ ಹೇಳಿ, ಅವರೂ ಹೂಂಗುಟ್ಟಿದ್ದರು. ಕೇಳಿದಾಗ ಸಂಜೆ ಎಲ್ಲವನ್ನೂ ಒಟ್ಟಿಗೆ ಬರೆದೆ, ಹಾಲು ವ್ಯರ್ಥವಾಗುವುದು ಬೇಡವೆಂದು ಎತ್ತಿಟ್ಟೆ ಎಂದರು. ಅವರ ಉದ್ದೇಶದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮಗುವಿನ ಮೇಲಿನ ಅಕ್ಕರೆಯೂ ನಿಜವಾದದ್ದೇ. ಆದರೆ ಹತ್ತು ತಾಸು ಮನೆಯಿಂದ ದೂರವಿರುವವರಿಗೆ ಮಗುವಿನ ದಿನ ಕಾಣುವುದು ಆ ಪುಟದ ಮೂಲಕವೇ. ಒಪ್ಪಿಗೆಯಿಲ್ಲವೆಂದು ಬಾಯಿಬಿಟ್ಟು ಹೇಳಿ ನಂತರ ಹೇಳಿದಂತೆ ನಡೆಯುವವರು ಯಾರು, ತಲೆಯಾಡಿಸಿ ತಮಗೆ ತೋಚಿದಂತೆ ಮಾಡುವವರು ಯಾರು ಎಂಬುದು ಆ ಸಂಜೆ ತಿಳಿಯಿತು. ಹಿಂದಿನ ಮನೆಯವರು ಹೇಳಿದ್ದ 'ಹೂಂ' ಎಂಬ ಮಾತನ್ನು ಆಗ ನಾವು ಮತ್ತೆ ನೆನಪಿಸಿಕೊಂಡೆವು.

ದಂಪತಿ ಮೊದಲನೆಯವರನ್ನು ಆರಿಸಿಕೊಂಡರು. ಅವರಲ್ಲಿ ಕಂಡ ಕೊರತೆಗಳು ಎರಡು, ಎದೆ ಒತ್ತುವ ಕ್ರಮ ಮತ್ತು ನಿದ್ದೆಯ ಹಳೆಯ ರೂಢಿ. ಎರಡೂ ಹೇಳಿ ತಿದ್ದಬಹುದಾದವು, ತಿದ್ದಿದ್ದು ಉಳಿಯಿತೇ ಎಂದು ಪರೀಕ್ಷಿಸಬಹುದಾದವು. ಮಗು ಇನ್ನೂ ಚಿಕ್ಕದಾಗಿದ್ದು, ತಾಯಿ ಇಡೀ ದಿನ ಮನೆಯಲ್ಲೇ ಇದ್ದು ಜೊತೆಗೊಂದು ಕೈ ಬೇಕೆನ್ನುವ ಮನೆಯಾಗಿದ್ದರೆ ನಾನು ಎರಡನೆಯವರನ್ನೇ ಸೂಚಿಸುತ್ತಿದ್ದೆ.

ಕರಾರನ್ನು ಬರೆಯುವಾಗ

ಮನೆಗೆಲಸದವರ ಘನತೆಯ ದುಡಿಮೆಯ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಕೆಲಸದ ಷರತ್ತುಗಳನ್ನು ಸಾಧ್ಯವಿದ್ದಲ್ಲಿ ಬರಹದಲ್ಲಿ ತಿಳಿಸಬೇಕು, ವಾರಕ್ಕೆ ಎಡೆಬಿಡದೆ ಕನಿಷ್ಠ 24 ತಾಸು ವಿಶ್ರಾಂತಿ ಇರಬೇಕು, ಗುರುತಿನ ದಾಖಲೆಗಳು ಕೆಲಸದವರ ಬಳಿಯೇ ಇರಬೇಕು ಎಂಬುದು ಅದರಲ್ಲಿದೆ. ದೇಶದ ಕಾನೂನು ಬೇರೆಬೇರೆಯಾಗಿದ್ದರೂ ಕರಾರು ಬರೆಯಲು ಕುಳಿತವರಿಗೆ ಇದು ಒಳ್ಳೆಯ ತಳಹದಿ. ಪ್ರತಿಗಳನ್ನು ಇಟ್ಟುಕೊಳ್ಳಿ, ಮೂಲ ದಾಖಲೆಗಳನ್ನು 'ಭದ್ರತೆಗೆ' ಎಂದು ಎಂದೂ ಇಟ್ಟುಕೊಳ್ಳಬೇಡಿ.

ಜಗಳ ಹುಟ್ಟುವುದು ಸಂಬಳದ ಮೊತ್ತದಿಂದಲ್ಲ, ಅದರ ಅಂಚುಗಳಿಂದ. ಈ ಮನೆಯಲ್ಲಿ 8.30ರಿಂದ 6.30 ಎಂದರೆ ದಿನಕ್ಕೆ 10 ತಾಸು, ಐದು ದಿನಕ್ಕೆ 50. ಆದರೆ ಬೆಳಿಗ್ಗೆ ಮಗುವನ್ನು ಒಪ್ಪಿಸಲು, ಸಂಜೆ ದಿನದ ವಿವರ ಕೇಳಲು ತಲಾ ಕಾಲು ತಾಸು ಬೇಕು. ಅದನ್ನು ಲೆಕ್ಕಕ್ಕೆ ಹಿಡಿದರೆ ವಾರಕ್ಕೆ ಇನ್ನೂ ಎರಡೂವರೆ ತಾಸು. ಹಾಗಾಗಿ ಕರಾರಿನಲ್ಲಿ 52.5 ತಾಸು ಎಂದೇ ಬರೆದು ಅದಕ್ಕೆ ಸಂಬಳ ನಿಗದಿಪಡಿಸಲಾಯಿತು. ಮೊದಲನೆಯವರು ಇಷ್ಟು ದೀರ್ಘ ದಿನಕ್ಕೆ ಒಪ್ಪುವ ಮುನ್ನ ಒಂದು ಮಾತು ಕೇಳಿದರು: ನೀವು ತಡವಾಗಿ ಬಂದ ದಿನ? ಹದಿನೈದು ನಿಮಿಷ ಮೀರಿದರೆ ಅರ್ಧ ತಾಸು ಎಂದು ಲೆಕ್ಕಹಿಡಿದು ಅದಕ್ಕೆ ಹೆಚ್ಚುವರಿ ಹಣ, ತಿಂಗಳಿಗೆ ನಾಲ್ಕು ಸಲಕ್ಕಿಂತ ಹೆಚ್ಚಾದರೆ ಸಮಯವನ್ನೇ ಮರುಹೊಂದಿಸುವುದು ಎಂದು ಬರೆದುಕೊಂಡರು. ಮಗು ಮಲಗಿರುವ ಹೊತ್ತನ್ನು ವಿಶ್ರಾಂತಿ ಎಂದು ಕಳೆಯಬಾರದು. ಎದ್ದ ಕೂಡಲೇ ಹೋಗಬೇಕಾದವರು ಕೆಲಸದಲ್ಲೇ ಇರುತ್ತಾರೆ.

ಇನ್ನೊಂದು ಅಂಚು ಕೆಲಸದ ವ್ಯಾಪ್ತಿ. ಮಗುವಿನ ಬಟ್ಟೆ, ಪಾತ್ರೆ, ಆಟದ ಜಾಗದ ಸ್ವಚ್ಛತೆ ಇದರಲ್ಲಿ ಸೇರುತ್ತದೆ. ಮನೆಮಂದಿಯ ಅಡುಗೆ, ನೆಲ ಒರೆಸುವುದು ಸೇರುವುದಿಲ್ಲ. 'ಬಿಡುವಿದ್ದಾಗ ಸ್ವಲ್ಪ ನೋಡಿಕೊಳ್ಳಿ' ಎಂಬ ಸಾಲನ್ನು ಕರಾರಿನಲ್ಲಿ ಕಂಡರೆ ಅಳಿಸಿಹಾಕಿ, ಏಕೆಂದರೆ ತೆವಳುವ ಮಗುವಿನ ಮೇಲಿನ ಕಣ್ಣು ತಪ್ಪುವುದು ಆ 'ಸ್ವಲ್ಪ'ದಲ್ಲೇ. ಮನೆಯವರು ಪ್ರವಾಸ ಹೋದ ವಾರದ ಸಂಬಳ, ಕೆಲಸದವರ ಅನಾರೋಗ್ಯದ ರಜೆ, ಬಿಡುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ ಇವನ್ನೂ ಬರೆಯಬೇಕು. ಸೂಚನೆಯ ಅವಧಿ ಇಬ್ಬರಿಗೂ ಒಂದೇ ಇರಲಿ. ಕ್ಯಾಮೆರಾ ಇಡುವುದಿದ್ದರೆ ಎಲ್ಲಿದೆ ಎಂದು ಮೊದಲೇ ಹೇಳಿ ಬರೆಯಬೇಕು; ಅವರು ಬಟ್ಟೆ ಬದಲಿಸುವ, ವಿಶ್ರಮಿಸುವ ಜಾಗದಲ್ಲಿ ಇಡಲೇಬಾರದು.

ಆರೋಗ್ಯದ ಸಾಲುಗಳನ್ನು ಬೇರೆಯೇ ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು ಮೇಲು. ಮೈ ಬಿಸಿ ಎನಿಸಿದರೆ ಥರ್ಮಾಮೀಟರಿನಲ್ಲಿ ಅಳೆದು, 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿದ್ದರೆ ಕರೆ ಮಾಡಬೇಕು. ಫೋನಿನಲ್ಲಿ ಕೇಳದೆ ಯಾವ ಔಷಧವನ್ನೂ ಕೊಡಬಾರದು. ಸುಟ್ಟ ಗಾಯವನ್ನು ತಂಪಾದ ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನಾಲಿಗೆಗೂ ಮುಟ್ಟಿಸಬಾರದು. ಮಗು ಉಸಿರಾಡಲು ಕಷ್ಟಪಡುತ್ತಿದ್ದರೆ, ಎಚ್ಚರಿಸಿದರೂ ಎಚ್ಚರವಾಗದಿದ್ದರೆ ಮೊದಲ ಕರೆ ತುರ್ತು ಸೇವೆಗೆ, ತಂದೆತಾಯಿಗೆ ಅನಂತರ. ಈ ಕೊನೆಯ ಸಾಲನ್ನು ಬಾಯಿಮಾತಿನಲ್ಲಿ ಬಿಟ್ಟರೆ ಗಾಬರಿಯಲ್ಲಿ ಕೆಲಸದವರು ಮನೆಯೊಡೆಯರ ಅನುಮತಿಗೆ ಕಾಯುತ್ತ ಕೂರುವ ಸಂಭವವಿದೆ. ಮೊದಲನೆಯವರು ಆ ಹಾಳೆಯನ್ನು ಎರಡು ಬಾರಿ ಓದಿಸಿ ಕೇಳಿ, ಎದೆ ಒತ್ತುವ ಕ್ರಮದ ಚಿತ್ರವನ್ನೂ ಪಕ್ಕದಲ್ಲಿ ಅಂಟಿಸಿಕೊಡಿ ಎಂದರು. ತಾಯಿ ಮರಳಿ ಕೆಲಸಕ್ಕೆ ಹೋಗುವ ಮುನ್ನ ಉಳಿದಿದ್ದ ಎರಡು ವಾರ ಅವರಿಬ್ಬರೂ ಮಗುವಿನೊಂದಿಗೆ ಒಟ್ಟಿಗೇ ಕಳೆದರು.